‘ರದ್ದುಮಾ…’ ಎಂದರೆ ರದ್ದೋ, ಬೇಡವೋ?

ಬಸ್ ಟಿಕೆಟ್ ಕಾಯ್ದಿರಿಸುವ ಒಂದು ಆ್ಯಪ್ ಇದೆ ಎಂದುಕೊಳ್ಳೋಣ. ಇಂಗ್ಲಿಷಿನಲ್ಲಿ ಹುಟ್ಟಿ, ಆಮೇಲೆ ಕನ್ನಡ, ತೆಲುಗು, ತಮಿಳು, ಮಲಯಾಳ, ಹಿಂದಿ, ಮರಾಠಿಗಳಿಗೆ ಬಂದಿದೆ. ಟಿಕೆಟ್ ರದ್ದು ಮಾಡಲು ಹೋದವರಿಗೆ ಕೊನೆಯಲ್ಲಿ ಎರಡು ಬಟನ್‌ಗಳು ಅಕ್ಕಪಕ್ಕ ಕಾಣುತ್ತವೆ. ಇಂಗ್ಲಿಷಿನಲ್ಲಿ ಅವು `Cancel ticket` ಮತ್ತು `Don't cancel`. ಕನ್ನಡದಲ್ಲಿ ‘ಟಿಕೆಟ್ ರದ್ದುಮಾಡಿ’ ಮತ್ತು ‘ಟಿಕೆಟ್ ರದ್ದುಮಾಡಬೇಡಿ’. ಅನುವಾದದಲ್ಲಿ ಒಂದು ಅಕ್ಷರವೂ ತಪ್ಪಿಲ್ಲ. ಆದರೆ ಫೋನಿನಲ್ಲಿ ಅಕ್ಷರದ ಗಾತ್ರವನ್ನು ತುಸು ದೊಡ್ಡದು ಮಾಡಿಕೊಂಡಿರುವ ಒಬ್ಬ ಅಜ್ಜಿ ಆ ಪರದೆ ತೆರೆದರೆ ಎರಡು ಬಟನ್‌ಗಳ ಮೇಲೂ ಕಾಣುವುದು ಒಂದೇ: ‘ಟಿಕೆಟ್ ರದ್ದುಮಾ…’. ಯಾವುದನ್ನು ಒತ್ತಿದರೆ ಟಿಕೆಟ್ ಉಳಿಯುತ್ತದೆ ಎಂದು ತಿಳಿಯಲು ಅವರಿಗೆ ದಾರಿಯೇ ಇಲ್ಲ.

ಇಂಥ ಎಡವಟ್ಟನ್ನು ಬಳಕೆದಾರರ ಕೈಗೆ ಹೋಗುವ ಮುನ್ನವೇ ಹಿಡಿಯುವ ಕೆಲಸಕ್ಕೆ ಲೋಕಲೈಸೇಶನ್ ಟೆಸ್ಟಿಂಗ್ ಎನ್ನುತ್ತಾರೆ. ಅನುವಾದ ಸರಿಯಿದೆಯೇ ಎಂದು ನೋಡುವುದು ಬೇರೆ ಕೆಲಸ. ಅದನ್ನು ಭಾಷೆ ಬಲ್ಲವರು ಒಂದು ಹಾಳೆಯ ಮೇಲೆಯೇ ಮಾಡಬಹುದು. ಲೋಕಲೈಸೇಶನ್ ಟೆಸ್ಟರ್ ನೋಡುವುದು ಆ ಸರಿಯಾದ ಅನುವಾದ ಪರದೆಯ ಮೇಲೆ ಕುಳಿತಾಗ ಏನಾಗುತ್ತದೆ ಎಂಬುದನ್ನು. ಪಠ್ಯ ಹಿಗ್ಗುವುದು, ತುಂಡಾಗುವುದು, ತಾರೀಖು ಕೆಡುವುದು ಇವೆಲ್ಲ ಅಲ್ಲೇ ಗೊತ್ತಾಗುವುದು.

ಆ ಬಟನ್‌ನ ಲೆಕ್ಕವನ್ನೇ ಮೊದಲು ನೋಡೋಣ. ಆಂಡ್ರಾಯ್ಡ್ ಫೋನಿನ ಪರದೆಯನ್ನು ‘ಡಿಪಿ’ ಎಂಬ ಅಳತೆಯಲ್ಲಿ ಲೆಕ್ಕ ಹಾಕುತ್ತಾರೆ. 360 ಡಿಪಿ ಅಗಲದ ಫೋನ್ ಬಹಳ ಸಾಮಾನ್ಯ. ಎರಡೂ ಅಂಚಿಗೆ 16ರಂತೆ ಬಿಟ್ಟು, ಬಟನ್‌ಗಳ ನಡುವೆ 8 ಬಿಟ್ಟರೆ ಒಂದೊಂದು ಬಟನ್‌ಗೆ 160 ಸಿಗುತ್ತದೆ. ಬಟನ್‌ನ ಒಳಗೆ ಎಡಬಲಕ್ಕೆ 24ರಂತೆ ಖಾಲಿ ಜಾಗ ಹೋದರೆ ಬರಹಕ್ಕೆ ಉಳಿಯುವುದು 112. ಸಾಮಾನ್ಯ ಗಾತ್ರದಲ್ಲಿ ‘ಟಿಕೆಟ್ ರದ್ದುಮಾಡಿ’ ಇಷ್ಟರಲ್ಲಿ ಹೇಗೋ ಹಿಡಿಸುತ್ತದೆ. ಅಕ್ಷರದ ಗಾತ್ರ 1.3 ಪಟ್ಟಾದರೆ ಅದೂ ಹಿಡಿಸುವುದಿಲ್ಲ. ಜಾಗ ಸಾಲದಾಗ ಆ್ಯಪ್ ಕೊನೆಯ ಭಾಗವನ್ನು ಕಿತ್ತು ಮೂರು ಚುಕ್ಕಿ ಇಡುತ್ತದೆ. ಬಟನ್ ವಿನ್ಯಾಸ ಮಾಡಿದವರು ಇಂಗ್ಲಿಷ್ ಪದಗಳನ್ನು ಸಾಮಾನ್ಯ ಗಾತ್ರದಲ್ಲಿ ನೋಡಿ ಒಪ್ಪಿರುತ್ತಾರೆ. ಅಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತಿತ್ತು.

ಇಂಗ್ಲಿಷಿನಿಂದ ಬೇರೆ ಭಾಷೆಗೆ ಹೋದಾಗ ಪಠ್ಯ ಎಷ್ಟು ಹಿಗ್ಗುತ್ತದೆ ಎಂಬುದಕ್ಕೆ ಐಬಿಎಂ ಕಂಪನಿ ಹಿಂದೆಯೇ ಒಂದು ಅಂದಾಜು ಕೊಟ್ಟಿದೆ. ಯುರೋಪಿನ ಭಾಷೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಲೆಕ್ಕ ಅದು. 10 ಅಕ್ಷರದೊಳಗಿನ ಪಠ್ಯಕ್ಕೆ ಎರಡರಿಂದ ಮೂರು ಪಟ್ಟು ಜಾಗ ಬೇಕಾಗಬಹುದು. 70 ಅಕ್ಷರ ಮೀರಿದ ಪಠ್ಯಕ್ಕೆ 1.3 ಪಟ್ಟು ಸಾಕು. ಎಂದರೆ ಪಠ್ಯ ಚಿಕ್ಕದಾದಷ್ಟೂ ಅಪಾಯ ಹೆಚ್ಚು. ಈ ಮಾತು ನಮ್ಮ ಭಾಷೆಗಳಿಗೂ ಒಪ್ಪುತ್ತದೆ. ದೊಡ್ಡ ಪ್ಯಾರಾಗಳು ಕೆಳಕ್ಕೆ ಇಳಿದುಕೊಂಡು ಹೋಗುತ್ತವೆ, ಅವುಗಳ ಚಿಂತೆ ಕಡಿಮೆ. ಬಟನ್, ಪರದೆಯ ತಳದ ಪಟ್ಟಿ, ಕ್ಯಾಲೆಂಡರಿನ ಚೌಕಗಳು, ಸೀಟಿನ ಮೇಲಿನ ಗುರುತು ಇವೇ ಮೊದಲು ಒಡೆಯುವ ಜಾಗಗಳು.

ಆದರೆ ಆ ಅಂದಾಜನ್ನು ಅಕ್ಷರ ಎಣಿಸಿ ಕನ್ನಡಕ್ಕೆ ಅನ್ವಯಿಸಲು ಹೋದರೆ ದಾರಿ ತಪ್ಪುತ್ತದೆ. ಕಂಪ್ಯೂಟರ್ ಎಣಿಸುವುದು ನಮ್ಮ ಅಕ್ಷರಗಳನ್ನಲ್ಲ, ಯೂನಿಕೋಡ್ ಸಂಕೇತಗಳನ್ನು. ‘ಸ್ತ್ರೀ’ ನಮ್ಮ ಕಣ್ಣಿಗೆ ಒಂದೇ ಅಕ್ಷರ. ಕಂಪ್ಯೂಟರಿಗೆ ಅದು ಸ, ವಿರಾಮ ಚಿಹ್ನೆ, ತ, ಮತ್ತೊಂದು ವಿರಾಮ ಚಿಹ್ನೆ, ರ, ಈಕಾರದ ಗುಣಿತ ಹೀಗೆ ಒಟ್ಟು ಆರು ಸಂಕೇತ. ಆರು ಇದ್ದರೂ ಅಡ್ಡಕ್ಕೆ ಹಿಡಿಯುವ ಜಾಗ ಕಡಿಮೆ, ಏಕೆಂದರೆ ತ ಮತ್ತು ರ ಕಾರಗಳು ಒತ್ತಾಗಿ ಕೆಳಗೆ, ಪಕ್ಕಕ್ಕೆ ಸೇರಿಕೊಳ್ಳುತ್ತವೆ. ಹಾಗಾಗಿ ‘ಈ ಜಾಗಕ್ಕೆ ಗರಿಷ್ಠ 15 ಅಕ್ಷರ’ ಎಂದು ಅನುವಾದಕರಿಗೆ ಮಿತಿ ಹಾಕುವುದರಲ್ಲಿ ಅರ್ಥವಿಲ್ಲ. ಒಪ್ಪುವ ಅಳತೆ ಒಂದೇ: ಆ ಫಾಂಟಿನಲ್ಲಿ, ಆ ಗಾತ್ರದಲ್ಲಿ ಬರಹವನ್ನು ಪರದೆಯ ಮೇಲೆ ಇಟ್ಟು ನೋಡುವುದು.

ಕೆಳಕ್ಕೆ ಸೇರಿಕೊಳ್ಳುವ ಆ ಒತ್ತಕ್ಷರಗಳೇ ಇನ್ನೊಂದು ಬಗೆಯ ಹಿಗ್ಗುವಿಕೆಗೆ ಕಾರಣ. ಇಂಗ್ಲಿಷ್ ಬಳಸುವವರು ಪಠ್ಯ ಅಗಲಕ್ಕೆ ಬೆಳೆಯುತ್ತದೆ ಎಂದಷ್ಟೇ ಯೋಚಿಸುತ್ತಾರೆ. ಕನ್ನಡ, ತೆಲುಗು ಎತ್ತರಕ್ಕೂ ಬೆಳೆಯುತ್ತವೆ. ಬಟನ್‌ನ ಎತ್ತರವನ್ನು ಇಂಗ್ಲಿಷ್ ಸಾಲಿಗೆ ತಕ್ಕಂತೆ ಬಿಗಿಯಾಗಿ ಕಟ್ಟಿದ್ದರೆ ಒತ್ತಿನ ಬುಡ ಕತ್ತರಿಸಿ ಹೋಗುತ್ತದೆ. ಇಲ್ಲಿ ಮೂರು ಚುಕ್ಕಿಯೂ ಬರುವುದಿಲ್ಲ, ಆದ್ದರಿಂದ ಯಂತ್ರದ ಪರೀಕ್ಷೆಗೆ ಇದು ಸುಲಭವಾಗಿ ಸಿಕ್ಕುವುದಿಲ್ಲ. ‘ರದ್ದು’ ಎಂಬುದು ‘ರದು’ ಎಂಬಂತೆ ಕಾಣುತ್ತದೆ, ಅಷ್ಟೇ. ಬಸ್ ಆ್ಯಪ್ ಪರೀಕ್ಷಿಸುವವರಿಗೆ ಗದಗ ಜಿಲ್ಲೆಯ ಲಕ್ಷ್ಮೇಶ್ವರಕ್ಕಿಂತ ಒಳ್ಳೆಯ ಊರ ಹೆಸರು ಸಿಗಲಾರದು. ಅದರಲ್ಲಿ ಒಂದರ ಕೆಳಗೊಂದು ಎರಡು ಒತ್ತುಗಳಿವೆ, ಮೇಲೆ ಏತ್ವವಿದೆ, ಮುಂದೆ ಮತ್ತೊಂದು ಒತ್ತಿದೆ. ಅದು ಪೂರ್ತಿ ಕಂಡರೆ ಉಳಿದ ಊರುಗಳೂ ಬಹುತೇಕ ಕಾಣುತ್ತವೆ. ಆಂಡ್ರಾಯ್ಡ್ ಬಹಳ ವರ್ಷ ಇಂಥ ಲಿಪಿಗಳಿಗೆ ಇಂಗ್ಲಿಷ್ ಸಾಲಿನೊಳಗೆ ಹಿಡಿಸುವಂತೆ ಕುಗ್ಗಿಸಿದ ಅಕ್ಷರರೂಪ ಬಳಸುತ್ತಿತ್ತು. ಆಂಡ್ರಾಯ್ಡ್ 15ರಿಂದ, ಆ ಆವೃತ್ತಿಗೆಂದು ಸಿದ್ಧಪಡಿಸಿದ ಆ್ಯಪ್‌ಗಳಲ್ಲಿ, ಕನ್ನಡ, ತೆಲುಗು, ತಮಿಳು, ಮಲಯಾಳ, ಗುಜರಾತಿ, ಒಡಿಯಾ ಮುಂತಾದವಕ್ಕೆ ಅವುಗಳ ಸಹಜ ಎತ್ತರವೇ ತಾನಾಗಿ ಸಿಗುತ್ತದೆ. ಓದುಗರಿಗೆ ಇದು ಒಳ್ಳೆಯ ಸುದ್ದಿ. ಆದರೆ ಹಳೆಯ ಆವೃತ್ತಿಯಲ್ಲಿ ಪಾಸಾಗಿದ್ದ ಪರದೆ ಹೊಸದರಲ್ಲಿ ಉಕ್ಕಬಹುದು. ಆದ್ದರಿಂದ ಎತ್ತರದ ಪರೀಕ್ಷೆಯನ್ನು ಹೊಸದಾಗಿ ಮಾಡಲೇಬೇಕು.

ಈಗ ತುಂಡಾಗುವ ವಿಷಯ. ನನ್ನ ಮಟ್ಟಿಗೆ ಇಡೀ ಕೆಲಸದ ಜೀವಾಳ ಇದೇ.

ಇಂಗ್ಲಿಷ್ ವಾಕ್ಯದಲ್ಲಿ ‘ಇಲ್ಲ’, ‘ಬೇಡ’ ಎಂಬ ಅರ್ಥ ಮುಂಚೆಯೇ ಬಂದುಬಿಡುತ್ತದೆ. `Don't cancel` ಎಂಬುದನ್ನು ಕತ್ತರಿಸಿದರೂ `Don't` ಉಳಿಯುತ್ತದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ, ನಿಷೇಧ ಅದರ ಬಾಲದಲ್ಲಿ. ‘ಹಣ ಕಡಿತವಾಗಿದೆ’, ‘ಹಣ ಕಡಿತವಾಗಿಲ್ಲ’ ಎರಡನ್ನೂ ಕತ್ತರಿಸಿ ನೋಡಿ: ‘ಹಣ ಕಡಿತವಾಗಿ…’. ತಮಿಳು, ತೆಲುಗು, ಮಲಯಾಳಗಳಲ್ಲೂ ಇದೇ ಕಥೆ. ಹಿಂದಿಯಲ್ಲಿ ‘ನಹೀಂ’ ಕ್ರಿಯಾಪದಕ್ಕೆ ಮುಂಚೆ ಬಂದರೂ ಸಾಮಾನ್ಯವಾಗಿ ವಾಕ್ಯದ ಕೊನೆಯ ಭಾಗದಲ್ಲೇ ಇರುತ್ತದೆ. ಎಂದರೆ ಕೊನೆಯನ್ನು ಕತ್ತರಿಸುವ ಪದ್ಧತಿ ಇಂಗ್ಲಿಷಿಗೆ ಸಣ್ಣ ಕಿರಿಕಿರಿಯಾದರೆ ನಮ್ಮ ಭಾಷೆಗಳಿಗೆ ಅರ್ಥನಾಶ. ಹೀಗಾಗಿ ‘ಎರಡು ಅಕ್ಷರ ತಾನೇ ಹೋಗಿರುವುದು, ಕಡಿಮೆ ಗಂಭೀರ’ ಎಂದು ಬಗ್ ಪಟ್ಟಿಯಲ್ಲಿ ಕೆಳಗೆ ತಳ್ಳುವುದನ್ನು ನಾನು ಒಪ್ಪುವುದಿಲ್ಲ. ಹೋದ ಅಕ್ಷರ ಎಷ್ಟು ಎಂದು ಕೇಳಬಾರದು. ಉಳಿದದ್ದನ್ನು ಓದಿದವರಿಗೆ ಏನಾಗಿದೆ ಎಂದು ತಿಳಿಯುತ್ತದೆಯೇ ಎಂದು ಕೇಳಬೇಕು.

ಒಂದು ಸಂದೇಶವನ್ನು ಪೂರ್ತಿ ನೋಡೋಣ. ಬಸ್ ರದ್ದಾದರೆ ಆ್ಯಪ್ ಪ್ರಯಾಣಿಕರಿಗೆ ಎಸ್ಸೆಮ್ಮೆಸ್ ಕಳಿಸುತ್ತದೆ: ‘ಶನಿವಾರ, ಏಪ್ರಿಲ್ 5ರಂದು ಬೆಂಗಳೂರಿನಿಂದ ಧಾರವಾಡಕ್ಕೆ ಹೊರಡಬೇಕಿದ್ದ ನಿಮ್ಮ ಬಸ್ ರದ್ದಾಗಿದೆ’. ಇಂಗ್ಲಿಷ್ ಎಸ್ಸೆಮ್ಮೆಸ್ ಒಂದರಲ್ಲಿ 160 ಅಕ್ಷರ ಹಿಡಿಸುತ್ತದೆ. ಕನ್ನಡದಂಥ ಲಿಪಿ ಬಂದ ಕೂಡಲೇ ಮಿತಿ 70 ಸಂಕೇತಕ್ಕೆ ಇಳಿಯುತ್ತದೆ. ಅದಕ್ಕಿಂತ ಉದ್ದವಾದರೆ ಸಂದೇಶ ಎರಡು ಭಾಗವಾಗುತ್ತದೆ, ಖರ್ಚೂ ಎರಡರದ್ದು. ಖರ್ಚು ಉಳಿಸಲು ಕೆಲವರು ಪ್ರೋಗ್ರಾಮಿನಲ್ಲೇ 70ಕ್ಕೆ ಕತ್ತರಿ ಹಾಕಿಬಿಡುತ್ತಾರೆ. ಮೇಲಿನ ಸಂದೇಶದಲ್ಲಿ ಖಾಲಿ ಜಾಗಗಳೂ ಸೇರಿ 77 ಸಂಕೇತಗಳಿವೆ. 70ಕ್ಕೆ ನಿಲ್ಲಿಸಿದರೆ ಪ್ರಯಾಣಿಕರಿಗೆ ತಲುಪುವುದು ‘…ಹೊರಡಬೇಕಿದ್ದ ನಿಮ್ಮ ಬಸ್ ರದ’. ಫೋನಿನ ಲಾಕ್ ಪರದೆಯ ಒಂದೇ ಸಾಲಿನಲ್ಲಾದರೆ ಅದೂ ಇಲ್ಲ, ‘ಶನಿವಾರ, ಏಪ್ರಿಲ್ 5ರಂದು ಬೆಂಗಳೂರಿನಿಂದ…’ ಎಂಬಲ್ಲಿಗೇ ನಿಲ್ಲುತ್ತದೆ. ಅದನ್ನು ಕಂಡವರು ಟಿಕೆಟ್ ಖಚಿತವಾದ ಸಂದೇಶ ಎಂದುಕೊಂಡು ಶನಿವಾರ ನಿಲ್ದಾಣಕ್ಕೆ ಹೋಗುತ್ತಾರೆ.

ಇದಕ್ಕೆ ಪರಿಹಾರ ಅಕ್ಷರ ಚಿಕ್ಕದು ಮಾಡುವುದಲ್ಲ. ಸುದ್ದಿಯನ್ನು ಮುಂದಕ್ಕೆ ತರುವುದು: ‘ಬಸ್ ರದ್ದಾಗಿದೆ: ಬೆಂಗಳೂರು-ಧಾರವಾಡ, ಏಪ್ರಿಲ್ 5, ಶನಿವಾರ’. ಇದು 49 ಸಂಕೇತ. ಎಲ್ಲಿ ಕತ್ತರಿ ಬಿದ್ದರೂ ಮುಖ್ಯ ಮಾತು ಉಳಿಯುತ್ತದೆ. ಬಟನ್‌ಗಳ ವಿಷಯದಲ್ಲೂ ಹಾಗೆಯೇ. ಅವನ್ನು ಅಕ್ಕಪಕ್ಕ ಇಡುವ ಬದಲು ಒಂದರ ಕೆಳಗೊಂದು ಇಟ್ಟು, ‘ರದ್ದುಮಾಡಿ’ ಎಂದು ಒಂದರ ಮೇಲೆ, ‘ಟಿಕೆಟ್ ಇರಲಿ’ ಎಂದು ಇನ್ನೊಂದರ ಮೇಲೆ ಬರೆದರೆ ಗೊಂದಲ ಅಲ್ಲಿಗೇ ತೀರಿತು. ಕನ್ನಡಿಗರು ಬಾಯಲ್ಲಿ ಆಡುವುದೂ ಹಾಗೆಯೇ. ಗಮನಿಸಿ, ಟೆಸ್ಟರ್ ಹಿಡಿದ ಬಗ್‌ಗೆ ಅರ್ಧ ಉತ್ತರ ವಿನ್ಯಾಸಕಾರರಿಂದ, ಇನ್ನರ್ಧ ಅನುವಾದಕರಿಂದ ಬಂತು. ಅನುವಾದಕರಿಗೆ ಪರದೆಯ ಚಿತ್ರವನ್ನೇ ತೋರಿಸದೆ ಬರೀ ವಾಕ್ಯಗಳ ಪಟ್ಟಿ ಕಳಿಸುವ ರೂಢಿ ಇರುವ ಕಡೆ ಇದು ಆಗುವುದಿಲ್ಲ.

ತಾರೀಖಿನ ಕಷ್ಟ ಆ ಸಂದೇಶದ ಒಳಗೇ ಅಡಗಿದೆ. ‘ಏಪ್ರಿಲ್ 5ರಂದು’ ಎಂಬುದನ್ನು ಯಾರೂ ಕೂತು ಟೈಪ್ ಮಾಡಿರುವುದಿಲ್ಲ. ಆ್ಯಪ್‌ನ ಕಡತದಲ್ಲಿ ಹೀಗೊಂದು ಅಚ್ಚು ಇರುತ್ತದೆ, `%1$s` ಇರುವ ಜಾಗಕ್ಕೆ ತಾರೀಖು ಬಂದು ಕೂರುತ್ತದೆ:

```xml
<string name="trip_on">%1$sರಂದು ಪ್ರಯಾಣ</string>
```

ತಾರೀಖು ‘ಏಪ್ರಿಲ್ 5’ ಎಂದು ಬಂದರೆ ‘ಏಪ್ರಿಲ್ 5ರಂದು ಪ್ರಯಾಣ’, ಚೆನ್ನಾಗಿದೆ. ಪ್ರೋಗ್ರಾಮಿನವರು ಕ್ರಮ ಬದಲಿಸಿ ‘5 ಏಪ್ರಿಲ್’ ಕಳಿಸಿದರೆ ‘5 ಏಪ್ರಿಲ್ರಂದು’ ಆಗುತ್ತದೆ. ಹತ್ತಿರದ ದಿನಗಳಿಗೆ ‘ನಾಳೆ’ ಎಂದು ತೋರಿಸುವ ಸೌಲಭ್ಯ ಸೇರಿಸಿದರೆ ‘ನಾಳೆರಂದು ಪ್ರಯಾಣ’! ಊರ ಹೆಸರಿಗೆ ‘ಗೆ’ ಅಂಟಿಸಿದರೂ ಇದೇ ಪಾಡು. ಹುಬ್ಬಳ್ಳಿಗೆ ಸರಿ, ಮೈಸೂರುಗೆ ತಪ್ಪು, ಧಾರವಾಡಗೆ ಇನ್ನೂ ತಪ್ಪು. ಹುಬ್ಬಳ್ಳಿಯೊಂದರಲ್ಲೇ ಪರೀಕ್ಷಿಸಿದವರಿಗೆ ಈ ಬಗ್ ಕಾಣುವುದೇ ಇಲ್ಲ. ಪ್ರತ್ಯಯ ಅಂಟಿಸುವ ಗೊಡವೆಯೇ ಬೇಡವೆಂದು ‘ಪ್ರಯಾಣದ ದಿನ: ಏಪ್ರಿಲ್ 5’ ಎಂಬ ರೂಪಕ್ಕೆ ಹೋಗುವುದು ಜಾಣತನ.

ಹಾಗಾದರೆ ಯಾವ ಕ್ರಮ ಸರಿ? ಇದಕ್ಕೆ ಯೂನಿಕೋಡ್ ಸಂಸ್ಥೆಯೇ ನಡೆಸುವ ಸಿಎಲ್‌ಡಿಆರ್ ಎಂಬ ದತ್ತಕೋಶವಿದೆ. ಯಾವ ಭಾಷೆಯಲ್ಲಿ ತಿಂಗಳ ಹೆಸರೇನು, ತಾರೀಖು ಯಾವ ಕ್ರಮದಲ್ಲಿ, ಅಂಕಿ ಯಾವುದು ಎಂಬುದೆಲ್ಲ ಅಲ್ಲಿದೆ. ಆಂಡ್ರಾಯ್ಡ್, ಐಫೋನ್, ಬ್ರೌಸರ್‌ಗಳು ಅದನ್ನೇ ಆಧರಿಸುತ್ತವೆ. ನಾನು ನೋಡಿರುವ ಆವೃತ್ತಿಗಳಲ್ಲಿ ತಾರೀಖಿನ ಉದ್ದ ರೂಪ ಕನ್ನಡಕ್ಕೆ ‘ಏಪ್ರಿಲ್ 5, 2025’, ಹಿಂದಿಗೆ ದಿನ ಮೊದಲು, ಮಲಯಾಳಕ್ಕೆ ವರ್ಷವೇ ಮೊದಲು. ಆದ್ದರಿಂದ ದಿನ, ತಿಂಗಳು, ವರ್ಷವನ್ನು ಪ್ರೋಗ್ರಾಮಿನವರು ತಾವೇ ಪೋಣಿಸಬಾರದು, ‘ಈ ಭಾಷೆಗೆ ತಕ್ಕ ತಾರೀಖು ಕೊಡು’ ಎಂದು ವ್ಯವಸ್ಥೆಯನ್ನೇ ಕೇಳಬೇಕು. ತಿಂಗಳ ಹೆಸರಿನ ಮೊದಲ ಮೂರು ಅಕ್ಷರ ಕತ್ತರಿಸಿ ಚುಟುಕು ರೂಪ ಮಾಡುವ ಅಭ್ಯಾಸವೂ ಇಂಗ್ಲಿಷಿಗೇ ಸರಿ. ಕನ್ನಡದಲ್ಲಿ ಮೂರು ಸಂಕೇತಕ್ಕೆ ಕತ್ತರಿಸಿದರೆ ಮಾರ್ಚ್ ‘ಮಾರ’ ಆಗುತ್ತದೆ, ಅಕ್ಟೋಬರ್ ‘ಅಕ್’ ಆಗುತ್ತದೆ. ಕ್ಯಾಲೆಂಡರ್ ಪರದೆಯಲ್ಲಿ ‘ಮಾರ’ ಕಂಡರೆ ಕಾರಣ ಹುಡುಕಬೇಕಾಗಿಲ್ಲ.

ವ್ಯವಸ್ಥೆ ಕೊಟ್ಟದ್ದನ್ನೂ ಕಣ್ಣುಮುಚ್ಚಿ ಒಪ್ಪಬಾರದು. ಇಂಗ್ಲಿಷಿನ `PM` ಜಾಗಕ್ಕೆ ಸಿಎಲ್‌ಡಿಆರ್ ಕನ್ನಡಕ್ಕೆ ಕೊಡುವುದು ‘ಅಪರಾಹ್ನ’. ಎರಡು ಅಕ್ಷರದ ಜಾಗದಲ್ಲಿ ಅದು ಹಿಡಿಸುವುದಿಲ್ಲ, ಅದಿರಲಿ. ರಾತ್ರಿ 11:45ರ ಬಸ್ಸಿಗೆ ‘11:45 ಅಪರಾಹ್ನ’ ಎಂದು ಬರೆದರೆ ಹಳ್ಳಿಯವರಿರಲಿ, ಪಂಡಿತರೂ ಒಂದು ಕ್ಷಣ ತಡವರಿಸುತ್ತಾರೆ. ‘ರಾತ್ರಿ 11:45’ ಎಂದೋ, 23:45 ಎಂದೋ ತೋರಿಸುವುದೇ ಸರಿ. ಅದಕ್ಕಿಂತ ಸೂಕ್ಷ್ಮವಾದದ್ದು ನಡುರಾತ್ರಿ ದಾಟಿದ ಬಸ್ಸುಗಳದು. 12:15ಕ್ಕೆ ಹೊರಡುವ ಬಸ್ಸನ್ನು ಜನ ‘ಶನಿವಾರ ರಾತ್ರಿಯ ಬಸ್ಸು’ ಎನ್ನುತ್ತಾರೆ. ಟಿಕೆಟ್‌ನಲ್ಲಿ ತಾರೀಖು ಭಾನುವಾರದ್ದು. ಒಂದು ದಿನ ಪೂರ್ತಿ ತಡವಾಗಿ ನಿಲ್ದಾಣಕ್ಕೆ ಬರುವವರು ಇಲ್ಲೇ ಮೋಸ ಹೋಗುವುದು. ‘ಶನಿವಾರ ರಾತ್ರಿ ಕಳೆದು, ಭಾನುವಾರ 12:15’ ಎಂದು ಬಿಡಿಸಿ ಹೇಳುವ ಪರದೆಗೆ ನಾನು ಪೂರ್ತಿ ಅಂಕ ಕೊಡುತ್ತೇನೆ.

ತಾರೀಖಿನ ಪರೀಕ್ಷೆಗೆ ಯಾವ ದಿನಗಳನ್ನು ಆರಿಸಿಕೊಳ್ಳುತ್ತೇವೆ ಎಂಬುದರ ಮೇಲೆ ಎಲ್ಲ ನಿಂತಿದೆ. ದಿನ-ತಿಂಗಳು ಅದಲುಬದಲಾಗಿವೆಯೇ ಎಂದು ನೋಡಲು 25/4 ಹಾಕಿದರೆ ತಪ್ಪು ತಕ್ಷಣ ಸಿಕ್ಕಿಬೀಳುತ್ತದೆ, 25ನೇ ತಿಂಗಳು ಇಲ್ಲವಲ್ಲ. 5/4 ಹಾಕಿದರೆ ಯಂತ್ರ ಸುಮ್ಮನೆ ಮೇ 4 ಎಂದು ತಿಳಿದು ಮುಂದೆ ಹೋಗುತ್ತದೆ. ಅಪಾಯ ಇರುವುದು ಈ ಸದ್ದಿಲ್ಲದ ತಪ್ಪಿನಲ್ಲಿ, ಆದ್ದರಿಂದ ಎರಡೂ ಬೇಕು. ಡಿಸೆಂಬರ್ 31 ಇರಲೇಬೇಕು. ತಾರೀಖಿನ ನಮೂನೆಯಲ್ಲಿ `yyyy` ಬದಲು `YYYY` ಎಂದು ಬರೆದರೆ ವಾರದ ಲೆಕ್ಕದ ವರ್ಷ ಬರುತ್ತದೆ; ಭಾನುವಾರದಿಂದ ವಾರ ಎಣಿಸುವ ಪದ್ಧತಿಯಲ್ಲಿ 2024ರ ಡಿಸೆಂಬರ್ 29ರಿಂದ 31ರವರೆಗಿನ ಮೂರು ದಿನ 2025 ಎಂದು ತೋರಿಸುತ್ತದೆ. ವರ್ಷದ ಉಳಿದ ದಿನಗಳಲ್ಲಿ ಈ ಬಗ್ ಬಚ್ಚಿಟ್ಟುಕೊಂಡಿರುತ್ತದೆ.

ಇಷ್ಟೆಲ್ಲವನ್ನೂ ಆರು ಭಾಷೆಯಲ್ಲಿ, ಪ್ರತಿ ಪರದೆಯಲ್ಲಿ, ಪ್ರತಿ ಗಾತ್ರದಲ್ಲಿ ನೋಡಲು ಯಾವ ತಂಡಕ್ಕೂ ಸಮಯವಿರುವುದಿಲ್ಲ. ಅನುವಾದ ಬರುವ ಮೊದಲೇ ಒಂದು ಸುತ್ತು ಮುಗಿಸಬಹುದು. ಆಂಡ್ರಾಯ್ಡ್‌ನಲ್ಲಿ `en-XA` ಎಂಬ ಹುಸಿ ಭಾಷೆಯಿದೆ. ಅದು ಇಂಗ್ಲಿಷ್ ಪಠ್ಯವನ್ನೇ ಉದ್ದ ಮಾಡಿ, ಅಕ್ಷರಗಳಿಗೆ ಕೊಂಬು-ಬಾಲ ಸೇರಿಸಿ, ಎರಡು ತುದಿಗೂ ಚೌಕ ಕಂಸ ಹಾಕಿ ತೋರಿಸುತ್ತದೆ. ಕೊನೆಯ ಕಂಸ ಕಾಣದಿದ್ದರೆ ಅಲ್ಲಿ ಪಠ್ಯ ತುಂಡಾಗುತ್ತದೆ ಎಂದು ಅರ್ಥ. ಆದರೆ ಅದು ಅಗಲವನ್ನಷ್ಟೇ ಹೇಳುತ್ತದೆ, ಒತ್ತಕ್ಷರದ ಎತ್ತರವನ್ನಲ್ಲ.

ಆಮೇಲೆ ಯಾವ ಭಾಷೆ ಯಾವ ತಪ್ಪನ್ನು ಬಯಲಿಗೆ ತರುತ್ತದೆ ಎಂದು ನೋಡಿ ಕೆಲಸ ಹಂಚಬೇಕು. ಅಗಲಕ್ಕೆ ಮಲಯಾಳ, ತಮಿಳು. ಎತ್ತರಕ್ಕೆ ಕನ್ನಡ, ತೆಲುಗು. ಅಂಕಿಗಳಿಗೆ ಮರಾಠಿ. ಸಿಎಲ್‌ಡಿಆರ್ ಪ್ರಕಾರ ಕನ್ನಡ, ಹಿಂದಿಗಳಲ್ಲಿ ತಾನಾಗಿ ಬರುವುದು 1, 2, 3. ಮರಾಠಿಗೆ ದೇವನಾಗರಿ ಅಂಕಿ, ಬಂಗಾಳಿ, ಅಸ್ಸಾಮಿಗಳಿಗೆ ಬಂಗಾಳಿ ಅಂಕಿ. ಪರದೆಗೆಂದು ಮಾಡಿದ ತಾರೀಖನ್ನೇ ಪ್ರೋಗ್ರಾಮ್ ಸರ್ವರ್‌ಗೂ ಕಳಿಸುತ್ತಿದ್ದರೆ ಕನ್ನಡದಲ್ಲಿ ಟಿಕೆಟ್ ಸಿಗುತ್ತದೆ, ಮರಾಠಿಯಲ್ಲಿ ಸರ್ವರ್ ಆ ಅಂಕಿ ಓದಲಾರದೆ ತಿರಸ್ಕರಿಸುತ್ತದೆ. ಹಿಂದಿಯಲ್ಲಿ ಪರೀಕ್ಷಿಸಿದ್ದೇವೆ, ಲಿಪಿ ಒಂದೇ ಆದ್ದರಿಂದ ಮರಾಠಿ ಬೇಡ ಎನ್ನುವವರಿಗೆ ಈ ತಪ್ಪು ಸಿಗುವುದೇ ಇಲ್ಲ.

ಪರದೆಗಳನ್ನು ತೆರೆಯುವುದು ಕಷ್ಟವಲ್ಲ. ಆಂಡ್ರಾಯ್ಡ್ 13ರಿಂದೀಚೆಗೆ ಒಂದೇ ಆ್ಯಪ್‌ನ ಭಾಷೆಯನ್ನು ಬೇರೆಯಾಗಿ ಬದಲಿಸಬಹುದು, ಅಕ್ಷರದ ಗಾತ್ರವನ್ನೂ ಆಜ್ಞೆಯಿಂದಲೇ ಹೆಚ್ಚಿಸಬಹುದು:

```
adb shell cmd locale set-app-locales com.example.bus --locales kn-IN
adb shell settings put system font_scale 1.3
```

ಹೀಗೆ ಪ್ರತಿ ಪರದೆಯ ಸ್ಕ್ರೀನ್‌ಶಾಟ್ ತೆಗೆದು ಸಾಲಾಗಿ ಜೋಡಿಸಿದರೆ ಭಾಷೆ ಬಲ್ಲ ಒಬ್ಬರು ಬೇಗ ಓದಿ ಮುಗಿಸುತ್ತಾರೆ. ಮೂರು ಚುಕ್ಕಿ ಎಲ್ಲಿ ಬಂದಿದೆ ಎಂದು ಯಂತ್ರ ಪಟ್ಟಿ ಮಾಡಬಲ್ಲದು. ‘ರದ್ದುಮಾ…’ ಅಪಾಯಕಾರಿ, ‘ಇನ್ನಷ್ಟು ಮಾಹಿ…’ ಅಲ್ಲ ಎಂದು ಬೇರ್ಪಡಿಸಲು ಆ ಭಾಷೆಯ ಓದುಗರೇ ಬೇಕು. ಸಮಯ ತೀರಾ ಕಡಿಮೆಯಿದ್ದರೆ ಹಣ ಪಾವತಿ, ರದ್ದತಿ, ತಾರೀಖಿನ ಆಯ್ಕೆ ಈ ಮೂರು ಪರದೆಗಳನ್ನಾದರೂ ದೊಡ್ಡ ಅಕ್ಷರದಲ್ಲಿ ಪ್ರತಿ ಭಾಷೆಯವರೂ ಓದಿರಬೇಕು. ಆಂಡ್ರಾಯ್ಡ್ 14ರಿಂದ ಅಕ್ಷರವನ್ನು ಎರಡು ಪಟ್ಟಿನವರೆಗೂ ಹಿಗ್ಗಿಸಬಹುದು. ಅಷ್ಟು ದೊಡ್ಡದು ಬೇಕಾದವರಿಗೆ ಪರದೆ ಓದಿಕೊಡಲು ಮನೆಯಲ್ಲಿ ಯಾವಾಗಲೂ ಯಾರಾದರೂ ಇರುತ್ತಾರೆ ಎಂದು ಆ್ಯಪ್ ಕಟ್ಟುವವರು ಭಾವಿಸಬಾರದು.

ಓದುಗರಿಂದ ಆಗಬೇಕಾದ ಕೆಲಸವೂ ಒಂದಿದೆ. ನಿಮ್ಮ ಫೋನಿನ ಆ್ಯಪ್‌ನಲ್ಲಿ ಕನ್ನಡ ತುಂಡಾಗಿ ಕಂಡರೆ ಇಂಗ್ಲಿಷಿಗೆ ಬದಲಿಸಿಕೊಂಡು ಸುಮ್ಮನಾಗಬೇಡಿ. ಆ ಪರದೆಯ ಚಿತ್ರ ತೆಗೆಯಿರಿ. ಫೋನಿನ ಮಾದರಿ, ಆ್ಯಪ್‌ನ ಆವೃತ್ತಿ, ಅಕ್ಷರದ ಗಾತ್ರವನ್ನು ಎಷ್ಟಕ್ಕೆ ಇಟ್ಟಿದ್ದೀರಿ ಎಂಬ ಮೂರು ವಿವರ ಸೇರಿಸಿ ಆ್ಯಪ್ ಮಾಡಿದವರಿಗೆ ಕಳಿಸಿ. ‘ಕನ್ನಡ ಸರಿಯಿಲ್ಲ’ ಎಂಬ ದೂರಿನಿಂದ ಅವರಿಗೆ ಏನೂ ತಿಳಿಯುವುದಿಲ್ಲ. ಈ ಮೂರು ವಿವರ ಇದ್ದರೆ ಅದೇ ತಪ್ಪನ್ನು ತಮ್ಮ ಮೇಜಿನ ಮೇಲೆ ಮತ್ತೆ ಕಂಡು ತಿದ್ದಬಲ್ಲರು.